ಹೋರಿ ಹಬ್ಬದ ವಿಡಿಯೋಗೆ ಹಳದಿ ಡಾಲರ್ ಯಾಕೆ? ಅಪ್‌ಲೋಡ್ ಮಾಡುವ ಮೊದಲು ನೋಡಿಕೊಳ್ಳಬೇಕಾದ್ದು

ದೀಪಾವಳಿ ಮುಗಿದು, ಹೋರಿಗಳನ್ನು ಸಿಂಗರಿಸಿ ಓಡಿಸುವ ಹೋರಿ ಹಬ್ಬ ಶುರುವಾದರೆ ಸಾಕು, ಶಿಕಾರಿಪುರ, ಸೊರಬದ ಕಡೆಯಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. "ಸರ್, ವಿಡಿಯೋ ಚೆನ್ನಾಗಿ ಓಡ್ತಿದೆ. ಆದ್ರೆ ಡಾಲರ್ ಗುರುತು ಹಳದಿ ಆಗಿದೆ. ಏನ್ ಮಾಡ್ಲಿ?"

ಆ ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಹಬ್ಬದ ವಿಡಿಯೋವನ್ನು ಜನ ನೋಡುವುದೇ ಮೊದಲ ಎರಡು ಮೂರು ದಿನ. ಯೂಟ್ಯೂಬಿಗೆ ಮರುಪರಿಶೀಲನೆ ಕೇಳಿದರೆ ಉತ್ತರ ಬರಲು 7 ದಿನದವರೆಗೂ ಹಿಡಿಯಬಹುದು. ಡಾಲರ್ ಹಸಿರಾಗುವಷ್ಟರಲ್ಲಿ ಜನ ಬೇರೆ ಊರಿನ ಹೋರಿ ನೋಡುತ್ತಿರುತ್ತಾರೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ವಿಡಿಯೋ ಜನರಿಗೆ ಕಾಣಿಸುವ ಮೊದಲಿನ ಕೆಲಸ.

ಹಳದಿ ಅಂದ್ರೆ ಏನು, ಏನಲ್ಲ

ಯೂಟ್ಯೂಬ್ ಸ್ಟುಡಿಯೋದಲ್ಲಿ ವಿಡಿಯೋ ಪಕ್ಕದ ಡಾಲರ್ ಗುರುತು ಹಸಿರಿದ್ದರೆ ಎಲ್ಲ ಬಗೆಯ ಜಾಹೀರಾತು ಬರಬಹುದು ಎಂದರ್ಥ. ಹಳದಿ ಇದ್ದರೆ ಕೆಲವೇ ಜಾಹೀರಾತು ಬರಬಹುದು, ಬಾರದೆಯೂ ಇರಬಹುದು. ಅಷ್ಟೇ. ಅದು ಸ್ಟ್ರೈಕ್ ಅಲ್ಲ, ಕಾಪಿರೈಟ್ ತಕರಾರೂ ಅಲ್ಲ. ವಿಡಿಯೋ ಎಲ್ಲಿಗೂ ಹೋಗುವುದಿಲ್ಲ. ಡಾಲರ್ ಬಣ್ಣ ನೋಡಿ ವಿಡಿಯೋವನ್ನು ಜನರಿಗೆ ಕಡಿಮೆ ತೋರಿಸುವುದಿಲ್ಲ ಎಂದೂ ಯೂಟ್ಯೂಬ್ ಹೇಳುತ್ತದೆ. ಪ್ರೀಮಿಯಂ ಚಂದಾದಾರರು ನೋಡಿದ್ದರಿಂದ ಬರುವ ಪಾಲು ಹಳದಿ ವಿಡಿಯೋಗೂ ಬರುತ್ತದೆ.

ಹಾಗಾದರೆ ಜಾಹೀರಾತು ಯಾಕೆ ಕಡಿಮೆ? ಯಾಕೆಂದರೆ ಜಾಹೀರಾತು ಎಲ್ಲಿ ಬರಬೇಕು ಎಂದು ಆರಿಸುವುದು ದುಡ್ಡು ಕೊಡುವವರು. ಗೂಗಲ್ ಆಡ್ಸ್‌ನಲ್ಲಿ ಅವರಿಗೆ ಮೂರು ಆಯ್ಕೆ ಇರುತ್ತದೆ: ಸ್ವಲ್ಪ ಖಾರವಾದ ವಿಡಿಯೋ ಇದ್ದರೂ ಪರವಾಗಿಲ್ಲ ಅನ್ನುವುದು, ಸಾಮಾನ್ಯ ಮಟ್ಟದ್ದು, ತೀರಾ ಮಡಿಯದ್ದು. ಹೆಚ್ಚಿನವರು ನಡುವಿನದರಲ್ಲೇ ಇರುತ್ತಾರೆ. ಮಗುವಿನ ಸೋಪು ಮಾರುವವನಿಗೆ, ತೊಡೆಗೆ ಕೋಡು ತಿವಿಸಿಕೊಂಡವನ ವಿಡಿಯೋ ಮುಂದೆ ತನ್ನ ಸೋಪು ಬೇಡ. 2017ರಲ್ಲಿ ದೊಡ್ಡ ದೊಡ್ಡ ಕಂಪನಿಗಳು ಇದೇ ಕಾರಣಕ್ಕೆ ಯೂಟ್ಯೂಬಿನಿಂದ ಜಾಹೀರಾತು ಹಿಂತೆಗೆದುಕೊಂಡಿದ್ದವು. ಆಮೇಲೆಯೇ ಈ ನಿಯಮಗಳು ಬಿಗಿಯಾದದ್ದು.

ಒಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ಡಾಲರ್ ಹಸಿರೇ ಇದೆ, ದುಡ್ಡು ಮಾತ್ರ ಕಡಿಮೆ ಬಂದಿದೆ ಅಂದರೆ ಅದು ಬೇರೆ ವಿಷಯ. ಆ ತಿಂಗಳು ಜಾಹೀರಾತೇ ಕಡಿಮೆ ಇರಬಹುದು. ಅದಕ್ಕೆ ಈ ಲೇಖನ ಮದ್ದಲ್ಲ.

ಏನೇನು ಬೇಕು

ನಿಮ್ಮ ಚಾನೆಲ್‌ಗೆ ಜಾಹೀರಾತಿನ ಪಾಲು ಬರುವ ಹಂತ ದಾಟಿರಬೇಕು. ಅಂದರೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. 500 ಚಂದಾದಾರರಿಗೆ ಸಿಗುವ ಮೊದಲ ಹಂತದಲ್ಲಿ ಜಾಹೀರಾತಿನ ಹಣ ಬರುವುದಿಲ್ಲ, ಅಲ್ಲಿ ಈ ತಲೆನೋವೂ ಇಲ್ಲ. ಕೆಲಸವನ್ನು ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ಮಾಡಿ, ಎಲ್ಲ ಆಯ್ಕೆಯೂ ಒಟ್ಟಿಗೆ ಕಾಣುತ್ತದೆ. ಒಂದು ನೋಟ್‌ಬುಕ್ಕು, ಪೆನ್ನು ಇರಲಿ. ಹಬ್ಬದ ರಾತ್ರಿಯೇ ಹಾಕಿಬಿಡಬೇಕು ಅನ್ನುವ ಅವಸರ ಒಂದು ದಿನದ ಮಟ್ಟಿಗೆ ಬೇಡ.

ಉದಾಹರಣೆಗೆ ಒಂದೇ ವಿಡಿಯೋ ತೆಗೆದುಕೊಳ್ಳೋಣ. ಶಿಕಾರಿಪುರದ ಹತ್ತಿರದ ಹಳ್ಳಿಯ ಹುಡುಗನೊಬ್ಬ ನನಗೆ ತೋರಿಸಿದ್ದು. ಒಟ್ಟು 12 ನಿಮಿಷ 40 ಸೆಕೆಂಡ್. ಪೀಪಿ ಹೋರಿ, ಕೊಬ್ಬರಿ ಹೋರಿ ಎರಡೂ ಇದೆ. ಬಲೂನು, ರಿಬ್ಬನ್ನು ಕಟ್ಟಿದ ಹೋರಿಗಳು ಅಖಾಡದಲ್ಲಿ ಓಡುವುದು, ಹುಡುಗರು ಅವುಗಳಿಗೆ ಕಟ್ಟಿದ ಕೊಬ್ಬರಿ ಹರಿಯುವುದು, ಎಲ್ಲ ಚೆನ್ನಾಗಿಯೇ ತೆಗೆದಿದ್ದ. ಶೀರ್ಷಿಕೆ "ಹೋರಿ ತಿವಿದು ಯುವಕ ರಕ್ತಸಿಕ್ತ!". ಥಂಬ್‌ನೇಲ್‌ನಲ್ಲಿ, ಅಂದರೆ ವಿಡಿಯೋದ ಮುಖಚಿತ್ರದಲ್ಲಿ, ಗಾಳಿಯಲ್ಲಿ ಎಗರಿದ ಮನುಷ್ಯ, ಅವನ ಸುತ್ತ ಕೆಂಪು ವೃತ್ತ. ಹಾಕಿದ ಸ್ವಲ್ಪ ಹೊತ್ತಿಗೇ ಹಳದಿ.

ಹಂತ 1: ಮಾರ್ಗಸೂಚಿ ಪುಟವನ್ನು ಓದುವ ಬಗೆ

ಯೂಟ್ಯೂಬ್ ಹೆಲ್ಪ್‌ನಲ್ಲಿ `Advertiser-friendly content guidelines` ಎಂದು ಹುಡುಕಿ. ಪುಟ ತುಂಬಾ ಉದ್ದ. ಪೂರ್ತಿ ಓದಲು ಹೋಗಿ ಅರ್ಧಕ್ಕೇ ಸುಸ್ತಾಗಬೇಡಿ. ಬೈಗುಳ, ಲೈಂಗಿಕ ವಿಷಯ, ಹಿಂಸೆ, ಬೆಚ್ಚಿಬೀಳಿಸುವ ದೃಶ್ಯ, ಅಪಾಯದ ಕೆಲಸ, ಮಾದಕ ವಸ್ತು, ಬಂದೂಕು, ಹೀಗೆ ಒಂದೊಂದಕ್ಕೂ ಒಂದು ಭಾಗ ಇದೆ. ಪ್ರತಿ ಭಾಗದಲ್ಲೂ ಮೂರು ಮಟ್ಟ: ಪೂರ್ತಿ ಜಾಹೀರಾತು, ಸೀಮಿತ ಜಾಹೀರಾತು, ಜಾಹೀರಾತೇ ಇಲ್ಲ. ಮಟ್ಟಕ್ಕೊಂದರಂತೆ ಉದಾಹರಣೆಗಳಿವೆ. ಓದಬೇಕಾದ್ದು ಆ ಉದಾಹರಣೆಗಳನ್ನೇ. ತಲೆಬರಹ ಓದಿದರೆ ಸುಮ್ನೆ ಹೆದರಿಕೆ ಆಗುತ್ತದೆ, ಏನೂ ತಿಳಿಯುವುದಿಲ್ಲ.

ಹೋರಿ ಹಬ್ಬಕ್ಕೆ ನಾಲ್ಕು ಭಾಗ ಸಾಕು: ಹಿಂಸೆ, ಬೆಚ್ಚಿಬೀಳಿಸುವ ದೃಶ್ಯ, ಅಪಾಯದ ಕೆಲಸ, ಬೈಗುಳ. ಓದುತ್ತಾ ಹೋದರೆ ಒಂದು ಗೊತ್ತಾಗುತ್ತದೆ. ಗಾಯ ತೋರಿಸಲೇಬಾರದು ಎಂದು ಎಲ್ಲೂ ಇಲ್ಲ. ಎಷ್ಟು ಹೊತ್ತು ತೋರಿಸಿದಿರಿ, ಎಷ್ಟು ಹತ್ತಿರದಿಂದ ತೋರಿಸಿದಿರಿ, ಯಾಕೆ ತೋರಿಸಿದಿರಿ, ಈ ಮೂರನ್ನು ಅದು ಕೇಳುತ್ತದೆ. ಓಟದ ನಡುವೆ ಒಬ್ಬ ಬಿದ್ದು ಎದ್ದ ಅಂದರೆ ಅದು ಹಬ್ಬದ ವಿಡಿಯೋ. ಅದೇ ಬಿದ್ದದ್ದನ್ನು ನಿಧಾನ ಮಾಡಿ, ದೊಡ್ಡದು ಮಾಡಿ, ಮೂರು ಸಲ ತೋರಿಸಿದರೆ ಅದು ಗಾಯದ ವಿಡಿಯೋ ಆಗಿಬಿಡುತ್ತದೆ. ಹೋರಿ ಹಿನ್ನೆಲೆಗೆ ಸರಿಯುತ್ತದೆ.

ಹಂತ 2: ಎರಡು ಸಲ ನೋಡಿ, ಸಮಯ ಬರೆದುಕೊಳ್ಳಿ

ಎಡಿಟ್ ಮುಗಿದ ವಿಡಿಯೋವನ್ನು ಮೊದಲ ಸಲ ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಎರಡನೇ ಸಲ ತೆರೆಯ ಕಡೆ ನೋಡದೆ, ಇಯರ್‌ಫೋನ್ ಹಾಕಿಕೊಂಡು ಬರೀ ಕೇಳಿ. ಎರಡನ್ನೂ ಒಟ್ಟಿಗೆ ಮಾಡಿದರೆ ನಮ್ಮ ತಲೆ ಕಥೆಯ ಹಿಂದೆ ಹೋಗುತ್ತದೆ, ತಪ್ಪು ಕಾಣುವುದಿಲ್ಲ.

ನಮ್ಮ ಹುಡುಗನ ವಿಡಿಯೋದಲ್ಲಿ ಸಿಕ್ಕಿದ್ದು ಇಷ್ಟು. 0:00ಯಿಂದ 0:09ರವರೆಗೆ ತಿವಿದ ದೃಶ್ಯ, ಸ್ಲೋ ಮೋಷನ್‌ನಲ್ಲಿ ಮೂರು ಸಲ. 4:10ರ ಹೊತ್ತಿಗೆ ಬೇಲಿ ಪಕ್ಕದಲ್ಲಿ ನಿಂತವರು ಒಬ್ಬರಿಗೊಬ್ಬರು ಅಮ್ಮ ಅಕ್ಕ ಎಂದು ಬೈದದ್ದು ಮೈಕಿನಲ್ಲಿ ಸ್ಪಷ್ಟವಾಗಿ ಬಿದ್ದಿದೆ. 5:52ಕ್ಕೆ ಓಡಲು ಒಪ್ಪದ ಹೋರಿಯೊಂದರ ಬಾಲ ತಿರುಚಿ ಕೋಲಿನಲ್ಲಿ ಹೊಡೆಯುತ್ತಾರೆ. 7:35ರಿಂದ 8:05ರವರೆಗೆ ಗಾಯವಾದವನನ್ನು ಎತ್ತಿಕೊಂಡು ಹೋಗುವುದು, ಅದರಲ್ಲಿ ತೊಡೆಯ ಗಾಯ ಹತ್ತಿರದಿಂದ. ಉಳಿದ ಸುಮಾರು 11 ನಿಮಿಷದಲ್ಲಿ ಎಲ್ಲೂ ತಕರಾರಿಲ್ಲ!

ಬೈಗುಳವನ್ನು ಅವನು ಗಮನಿಸಿಯೇ ಇರಲಿಲ್ಲ. "ನಾನು ಬೈದಿಲ್ವಲ್ಲ ಸರ್" ಅಂದ. ಯಾರು ಬೈದರೂ ವಿಡಿಯೋದಲ್ಲಿ ಕೇಳಿಸಿದರೆ ಅದು ನಿಮ್ಮ ವಿಡಿಯೋದ ಬೈಗುಳವೇ. ಕನ್ನಡದಲ್ಲಿ ಬೈದರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಅಂದುಕೊಳ್ಳಬೇಡಿ. ನಿಯಮ ಎಲ್ಲ ಭಾಷೆಗೂ ಒಂದೇ.

ಬೈಗುಳದ ಬಗ್ಗೆ ಹಳೆಯ ಮಾತೊಂದು ಇನ್ನೂ ಓಡಾಡುತ್ತಿದೆ: ಮೊದಲ 7 ಸೆಕೆಂಡಿನಲ್ಲಿ ಬೈದರೆ ಹಳದಿ ಅಂತ. 2025ರ ಜುಲೈನಲ್ಲಿ ಆ ನಿಯಮ ಸಡಿಲವಾಯಿತು. ಆದರೆ ವಿಡಿಯೋ ಉದ್ದಕ್ಕೂ ಕೆಟ್ಟ ಬೈಗುಳ ಇದ್ದರೆ, ಇಲ್ಲವೇ ಶೀರ್ಷಿಕೆ ಮತ್ತು ಥಂಬ್‌ನೇಲ್‌ನಲ್ಲಿ ಇದ್ದರೆ, ಈಗಲೂ ಹಳದಿ ಆಗಬಹುದು.

ಹಂತ 3: ಕತ್ತರಿ ಹಾಕಿ

ಬರೆದುಕೊಂಡ ಸಮಯಗಳಿಗೆ ಒಂದೊಂದಾಗಿ ಹೋಗಿ. ಮೊದಲ 9 ಸೆಕೆಂಡನ್ನು ಅವನು ಪೂರ್ತಿ ತೆಗೆದ. ಆ ಜಾಗದಲ್ಲಿ ಪೀಪಿ ಹೋರಿ ಅಖಾಡಕ್ಕೆ ನುಗ್ಗುವ ದೃಶ್ಯ ಇಟ್ಟ. ನನ್ನ ಕೇಳಿದರೆ ಅದೇ ಚೆಂದ ಇತ್ತು. ಹೋರಿ ಬರುವ ಮೊದಲಿನ ಆ ಶಿಳ್ಳೆ, ಕೂಗು ಇದೆಯಲ್ಲ, ಅದಕ್ಕಿಂತ ಒಳ್ಳೆಯ ಶುರು ಇನ್ನೇನು ಬೇಕು?

4:10ರ ಬೈಗುಳದ ಎರಡು ಕಡೆ ಸದ್ದು ತೆಗೆದು ಡೊಳ್ಳಿನ ಸದ್ದು ಎಳೆದ. ತೊಡೆಯ ಗಾಯದ ಹತ್ತಿರದ ದೃಶ್ಯ ತೆಗೆದು, ದೂರದಿಂದ ಎತ್ತಿಕೊಂಡು ಹೋಗುವ 6 ಸೆಕೆಂಡ್ ಮಾತ್ರ ಉಳಿಸಿದ. ಅದರ ಮೇಲೆ ತನ್ನದೇ ದನಿಯಲ್ಲಿ, ಅಡ್ಡಗಟ್ಟೆ ದಾಟಿ ಒಳಗೆ ಬಂದದ್ದರಿಂದ ಹೀಗಾಯಿತು, ಎಲ್ಲಿ ನಿಂತರೆ ಅಪಾಯ ಇಲ್ಲ ಎಂದು ಎರಡು ಮಾತು ಸೇರಿಸಿದ. ಯಾಕೆ ತೋರಿಸಿದಿರಿ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿದೆ. ಈ ಉತ್ತರ ವಿಡಿಯೋದ ಒಳಗೇ ಇರಬೇಕು. ವಿವರಣೆಯ ಕೊನೆಯಲ್ಲಿ "ಇದು ಕೇವಲ ಮಾಹಿತಿಗಾಗಿ" ಎಂದು ಒಂದು ಸಾಲು ಅಂಟಿಸಿದರೆ ರಕ್ತದ ದೃಶ್ಯ ಹಗುರವಾಗುವುದಿಲ್ಲ.

5:52ರ ಹೊಡೆಯುವ ದೃಶ್ಯ ಮಾತ್ರ ಬೇರೆ ಲೆಕ್ಕ. ಪ್ರಾಣಿಗೆ ಬೇಕೆಂದೇ ನೋವು ಕೊಡುವುದು, ಪ್ರಾಣಿಗಳನ್ನು ಕಾದಾಡಲು ಬಿಡುವುದು ಜಾಹೀರಾತಿನ ನಿಯಮಕ್ಕಷ್ಟೇ ಸೇರಿದ್ದಲ್ಲ, ಯೂಟ್ಯೂಬಿನ ಸಮುದಾಯ ನಿಯಮಕ್ಕೂ ಸೇರಿದ್ದು. ಅಲ್ಲಿ ತಪ್ಪಿದರೆ ಬರೀ ಬಣ್ಣ ಬದಲಾಗಿ ನಿಲ್ಲುವುದಿಲ್ಲ, ವಿಡಿಯೋನೇ ಹೋಗಬಹುದು, ಸ್ಟ್ರೈಕ್ ಬೀಳಬಹುದು. ಮಸುಕು ಮಾಡಿ ಉಳಿಸಿಕೊಳ್ಳುವ ಯೋಚನೆ ಬೇಡ. ತೆಗೆದುಬಿಡಿ.

ಹಂತ 4: ಶೀರ್ಷಿಕೆ, ಥಂಬ್‌ನೇಲ್

ಹೆಚ್ಚಿನ ಹಳದಿ ಹುಟ್ಟುವುದು ಇಲ್ಲೇ ಎಂದು ನನ್ನ ಅನುಭವ. ನಿಯಮ ವಿಡಿಯೋಗೆ ಮಾತ್ರ ಅಲ್ಲ, ಶೀರ್ಷಿಕೆ, ಥಂಬ್‌ನೇಲ್, ವಿವರಣೆ, ಟ್ಯಾಗ್ ಎಲ್ಲಕ್ಕೂ ಅನ್ವಯ. 12 ನಿಮಿಷದ ವಿಡಿಯೋದಲ್ಲಿ 6 ಸೆಕೆಂಡ್ ಗಾಯ ಇದ್ದರೆ ಅದು ಸಣ್ಣ ಭಾಗ. ಅದೇ ಗಾಯ ಥಂಬ್‌ನೇಲ್‌ನಲ್ಲಿ ಇದ್ದರೆ ಆ ಚಿತ್ರದಲ್ಲಿ ಬೇರೇನೂ ಇಲ್ಲ ತಾನೆ?

ಅವನು ಶೀರ್ಷಿಕೆಯನ್ನು "ಕೊಬ್ಬರಿ ಹರಿಯಲು ಬಿಡದ ಹೋರಿ | ಶಿಕಾರಿಪುರ ಹೋರಿ ಹಬ್ಬ" ಎಂದು ಬದಲಿಸಿದ. ಥಂಬ್‌ನೇಲ್‌ಗೆ ಹೋರಿಯ ಮುಖ, ಹಿಂದೆ ಹಾರುವ ರಿಬ್ಬನ್. ಟ್ಯಾಗ್‌ಗಳಲ್ಲಿ ಹಳೆಯ "ಸಾವು", "ರಕ್ತ", "ಭೀಕರ" ಹಾಗೇ ಉಳಿದಿದ್ದವು. ಅಲ್ಲಿ ಯಾರೂ ನೋಡುವುದಿಲ್ಲ ಅಂದುಕೊಂಡಿದ್ದ. ಅವನ್ನೂ ತೆಗೆಸಿದೆ.

ಕ್ಲಿಕ್ ಕಡಿಮೆ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಸ್ವಲ್ಪ ಆಗಬಹುದು. ಯಾವುದು ಬೇಕು ಎಂದು ನೀವೇ ಲೆಕ್ಕ ಹಾಕಿ. ಆದರೆ ರಕ್ತದ ಥಂಬ್‌ನೇಲ್ ಹಾಕಿ ಹಸಿರು ಡಾಲರ್ ಕೇಳುವುದು ನಡೆಯುವುದಿಲ್ಲ.

ಹಂತ 5: ಖಾಸಗಿಯಾಗಿ ಹಾಕಿ, ಪ್ರಶ್ನೆಪಟ್ಟಿ ತುಂಬಿ

ಸ್ಟುಡಿಯೋದಲ್ಲಿ ಅಪ್‌ಲೋಡ್ ಶುರು ಮಾಡಿ. `Details` ಆದ ಮೇಲೆ `Monetization` ಬರುತ್ತದೆ, ಆಮೇಲೆ `Ad suitability`. ಇದು ನಿಮ್ಮ ವಿಡಿಯೋದಲ್ಲಿ ಏನಿದೆ ಎಂದು ನೀವೇ ಹೇಳುವ ಪಟ್ಟಿ. ಮೇಲೆ ಓದಿದ ಭಾಗಗಳೇ ಇಲ್ಲಿ ಪ್ರಶ್ನೆಗಳಾಗಿ ಬರುತ್ತವೆ. ಕೆಳಗಡೆ `None of the above`, ಅಂದರೆ ಇವು ಯಾವುದೂ ಇಲ್ಲ ಎಂದು ಒಂದು ಚೌಕ ಇರುತ್ತದೆ. ಕೊನೆಗೆ `Submit rating`.

ಜನ ಎಡವುವುದು ಆ ಚೌಕದಲ್ಲಿ. ಪೂರ್ತಿ ಓದದೆ ಅದಕ್ಕೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಹುಡುಗನೂ ಮೊದಲು ಅದನ್ನೇ ಮಾಡಿದ್ದ. ವಿಡಿಯೋದಲ್ಲಿ ರಕ್ತ ಇದೆ, ಪಟ್ಟಿಯಲ್ಲಿ ಏನೂ ಇಲ್ಲ ಎಂದಿದ್ದಾನೆ. ವಿಡಿಯೋವನ್ನು ತಾನಾಗಿಯೇ ಪರೀಕ್ಷಿಸುವ ಯಂತ್ರದ ಲೆಕ್ಕಕ್ಕೂ ನಿಮ್ಮ ಮಾತಿಗೂ ಪದೇ ಪದೇ ತಾಳೆಯಾಗದಿದ್ದರೆ ಯೂಟ್ಯೂಬ್ ನಿಮ್ಮ ಮಾತು ಬಿಟ್ಟು ಯಂತ್ರದ ಮಾತನ್ನೇ ನಂಬುತ್ತದೆ. ತಾಳೆಯಾಗುತ್ತಾ ಬಂದರೆ ನಿಮ್ಮ ಉತ್ತರಕ್ಕೆ ಬೆಲೆ ಬರುತ್ತದೆ. ಒಂದು ರೀತಿಯಲ್ಲಿ ಅಂಗಡಿಯ ಸಾಲದ ಲೆಕ್ಕದ ಹಾಗೆ, ಹೇಳಿದ್ದು ಹೇಳಿದಂತೆ ಇದ್ದರೆ ಮುಂದಿನ ಸಲ ಚೀಟಿ ಕೇಳುವುದಿಲ್ಲ.

ಇದರ ಉಲ್ಟಾ ತಪ್ಪೂ ಇದೆ. ಹೆದರಿ ಎಲ್ಲದಕ್ಕೂ ಟಿಕ್ ಹಾಕುವುದು. ದೂರದಿಂದ ಒಬ್ಬ ಬಿದ್ದದ್ದು ಕಂಡರೆ ಅದನ್ನು ಭೀಕರ ಹಿಂಸೆ ಎಂದು ನೀವೇ ಬರೆದುಕೊಟ್ಟರೆ ಹಳದಿಯನ್ನು ನೀವೇ ಕರೆದಂತೆ. ಹಿಂಸೆಯ ಭಾಗ ತೆರೆದರೆ ಒಳಗೆ ಹಗುರದಿಂದ ಗಂಭೀರದವರೆಗೆ ಆಯ್ಕೆಗಳಿರುತ್ತವೆ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಎದುರಿಗಿಟ್ಟುಕೊಂಡು, ಉಳಿದಿರುವುದಕ್ಕೆ ಯಾವುದು ಸರಿಹೊಂದುತ್ತದೋ ಅದನ್ನೇ ಆರಿಸಿ. ಕತ್ತರಿ ಹಾಕಿದ ಮೇಲೆ ಅವನ ವಿಡಿಯೋದಲ್ಲಿ ಉಳಿದಿದ್ದು ಗಾಯ ಹತ್ತಿರದಿಂದ ಕಾಣದ, ಚಿಕ್ಕದೊಂದು ದೃಶ್ಯ. ಹಗುರದ ಆಯ್ಕೆಯೇ ಸರಿ.

ಕೊನೆಯ `Visibility` ಪುಟದಲ್ಲಿ `Private` ಇಡಿ. `Public` ಈಗಲೇ ಬೇಡ.

ಹಂತ 6: ಕಾಯಿರಿ

`Checks` ಪುಟದಲ್ಲಿ ಕಾಪಿರೈಟ್ ಮತ್ತು ಜಾಹೀರಾತು ಎರಡರ ಪರೀಕ್ಷೆಯೂ ನಡೆಯುತ್ತದೆ. ಅದು ಮುಗಿಯುವವರೆಗೆ ಸಾರ್ವಜನಿಕ ಮಾಡಬೇಡಿ. ಮಲೆನಾಡಿನ ನಮ್ಮ ನೆಟ್‌ವರ್ಕಿಗೆ ಅಪ್‌ಲೋಡೇ ರಾತ್ರಿಯಿಡೀ ಹಿಡಿಯುತ್ತದೆ, ಇನ್ನು ಸ್ವಲ್ಪ ಕಾಯುವುದರಿಂದ ನಷ್ಟವೇನಿಲ್ಲ.

ಹಸಿರು ಬಂದರೆ ಸಾರ್ವಜನಿಕ ಮಾಡಿ. ಆದರೆ ಹಸಿರು ಬಂದದ್ದು ಕೊನೆಯ ಮಾತಲ್ಲ. ಜನ ನೋಡಲು ಶುರು ಮಾಡಿದ ಮೇಲೆ ಮತ್ತೆ ಪರೀಕ್ಷೆ ಆಗಿ ಬಣ್ಣ ಬದಲಾಗುವುದುಂಟು. ಆಮೇಲೆ ಕ್ಲಿಕ್ ಸಾಲದೆಂದು ಹಳೆಯ ರಕ್ತದ ಥಂಬ್‌ನೇಲ್ ಮರಳಿ ಹಾಕಿದರೆ ಅದನ್ನೂ ಯಂತ್ರ ನೋಡುತ್ತದೆ.

ಹಳದಿ ಬಂದರೆ ಇನ್ನೂ ಯಾರೂ ನೋಡಿಲ್ಲ, ಅಲ್ವಾ? ಅದೇ ಖಾಸಗಿಯಾಗಿ ಹಾಕಿದ್ದರ ಲಾಭ. ಶೀರ್ಷಿಕೆ, ಥಂಬ್‌ನೇಲ್ ಅಲ್ಲೇ ಬದಲಿಸಬಹುದು. ಸ್ಟುಡಿಯೋದ ಎಡಿಟರಿನಲ್ಲಿ ಒಂದು ತುಂಡು ಕತ್ತರಿಸುವುದು, ಮಸುಕು ಮಾಡುವುದು ಆಗುತ್ತದೆ. ದೊಡ್ಡ ಬದಲಾವಣೆ ಬೇಕಾದರೆ ಹೊಸ ಫೈಲ್ ಮಾಡಿ ಹೊಸದಾಗಿಯೇ ಹಾಕಬೇಕು, ಯಾಕೆಂದರೆ ಹಳೆಯ ಕೊಂಡಿಯಲ್ಲಿ ಫೈಲ್ ಬದಲಿಸಲು ಬರುವುದಿಲ್ಲ. ಏನೂ ಬದಲಿಸದೆ ಅದೇ ಫೈಲನ್ನು ಅಳಿಸಿ ಮತ್ತೆ ಹಾಕುವವರಿದ್ದಾರೆ. ಅದೇ ರಕ್ತ, ಅದೇ ಹಳದಿ.

ನಮ್ಮ ಕಡೆಯ ಇನ್ನೆರಡು ವಿಡಿಯೋ

ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಕೃಷಿ ವಿಡಿಯೋ, ಹೆದರುವಂಥದ್ದೇನಿಲ್ಲ. ಅದೇ ವಿಡಿಯೋದಲ್ಲಿ ಗುಟ್ಕಾ ಪೊಟ್ಟಣ ತೋರಿಸಿ ಹೊಗಳಿದರೆ ಅದು ತಂಬಾಕಿನ ಪ್ರಚಾರ. ಜಾಹೀರಾತು ಸಿಗುವುದಿಲ್ಲ.

ಮಂಗನ ಕಾಯಿಲೆಯ ಬಗ್ಗೆ ಬೇಸಿಗೆ ಬಂತೆಂದರೆ ವಿಡಿಯೋ ಸುರಿಯುತ್ತವೆ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಗುರುತಿಸಿದ ಕಾಯಿಲೆ ಅದು, ಹೇಳಲು ಬೇಕಾದಷ್ಟಿದೆ. ಉಣುಗು ಕಚ್ಚುವುದರಿಂದ ಹೇಗೆ ಬರುತ್ತದೆ, ಕಾಡಿಗೆ ಹೋಗುವಾಗ ಏನು ಎಚ್ಚರ, ಇಷ್ಟನ್ನು ಸಮಾಧಾನವಾಗಿ ಹೇಳಿದರೆ ಅದು ತಿಳಿವಳಿಕೆಯ ವಿಡಿಯೋ. ಸತ್ತ ಮಂಗನ ಮುಖ ಥಂಬ್‌ನೇಲ್‌ಗೆ ಹಾಕಿದರೆ ಬೆಚ್ಚಿಬೀಳಿಸುವ ದೃಶ್ಯದ ಪಟ್ಟಿಗೆ ಸೇರುತ್ತದೆ. "ಮಂಗನ ಕಾಯಿಲೆಗೆ ಮನೆಮದ್ದು, 3 ದಿನದಲ್ಲಿ ವಾಸಿ" ಎಂದು ಹಾಕಿದರೆ ಅಪಾಯಕಾರಿ, ನಂಬಲಾಗದ ಮಾಹಿತಿಯ ಪಟ್ಟಿಗೆ ಸೇರುತ್ತದೆ. ಅದನ್ನು ಕತ್ತರಿ ಹಾಕಿ ಸರಿ ಮಾಡಲು ಬರುವುದಿಲ್ಲ, ಆ ವಿಡಿಯೋ ಮಾಡಲೇಬಾರದು.

ಹಂತ 7: ಎಲ್ಲ ಸರಿಯಿದ್ದೂ ಹಳದಿಯಾದರೆ

ಯಂತ್ರ ತಪ್ಪುತ್ತದೆ. ಕುಂಕುಮ ಎರಚಿದ ಹೋರಿಯ ಹಣೆಯನ್ನು ರಕ್ತ ಎಂದುಕೊಂಡರೂ ಆಶ್ಚರ್ಯವಿಲ್ಲ. ಆಗ ಸ್ಟುಡಿಯೋದ `Content` ಪುಟದಲ್ಲಿ ಆ ವಿಡಿಯೋದ ಹಣದ ಕಾಲಮ್ಮಿನ ಮೇಲೆ ಮೌಸ್ ಇಡಿ, `Request review` ಕಾಣುತ್ತದೆ. ಅದನ್ನು ಒತ್ತಿದರೆ ಒಬ್ಬ ಮನುಷ್ಯ ವಿಡಿಯೋ ನೋಡಿ ತೀರ್ಮಾನಿಸುತ್ತಾನೆ.

ಒಂದು ವಿಡಿಯೋಗೆ ಈ ಅವಕಾಶ ಒಂದೇ ಸಲ. ಆ ತೀರ್ಮಾನವೇ ಕೊನೆ. ಹಾಗಾಗಿ ಸಿಟ್ಟಿನಲ್ಲಿ ಮೊದಲು ಒತ್ತಿ, ಆಮೇಲೆ ಶೀರ್ಷಿಕೆ ಸರಿ ಮಾಡಬೇಡಿ. ನೀವು ಸರಿ ಮಾಡುವ ಮೊದಲೇ ನೋಡುವವನು ನೋಡಿಬಿಡಬಹುದು. ನೋಟ್‌ಬುಕ್ಕಿನ ಪಟ್ಟಿ ಇನ್ನೊಮ್ಮೆ ತೆಗೆದು, ಬರೆದ ಪ್ರತಿ ಸಮಯಕ್ಕೂ ಹೋಗಿ ನೋಡಿ, ಟ್ಯಾಗ್ ನೋಡಿ, ಆಮೇಲೆ ಒತ್ತಿ.

ಹುಡುಗನ ಸರಿ ಮಾಡಿದ ವಿಡಿಯೋ ಅಲ್ಲಿಯವರೆಗೆ ಹೋಗಲಿಲ್ಲ, ಖಾಸಗಿಯಾಗಿದ್ದಾಗಲೇ ಹಸಿರು ಬಂತು. ಮೊದಲು ಹಾಕಿದ್ದ ಹಳದಿ ವಿಡಿಯೋವನ್ನು ಅವನು ಅಳಿಸಲಿಲ್ಲ. ಅದಕ್ಕಾಗಲೇ ಊರಿನವರ ಕಾಮೆಂಟ್ ತುಂಬಿತ್ತು. ಬಾಲ ತಿರುಚುವ ತುಂಡನ್ನು ಮಾತ್ರ ಎಡಿಟರಿನಲ್ಲಿ ಕತ್ತರಿಸಿ ಹಾಗೇ ಬಿಟ್ಟ.